ಸೊಸೆಯ ಹೆಬ್ಬೆಟ್ಟು, ಮೊಮ್ಮಗಳ ಹೆಸರು

ನಮ್ಮದು ಇಸ್ತ್ರಿ ಅಂಗಡಿ. ಒಂದು ಮೇಜು, ಎರಡು ಇಸ್ತ್ರಿ ಪೆಟ್ಟಿಗೆ, ಗೋಡೆಯುದ್ದಕ್ಕೂ ಬಟ್ಟೆ ಜೋಡಿಸುವ ಹಲಗೆ. ಹಿಂದಿನ ಪರದೆ ಸರಿಸಿದರೆ ಮನೆ. ಆ ಮೇಜಿನ ಮುಂದೆ ಮೊದಲು ನಾನು ನಿಂತೆ, ಆಮೇಲೆ ನನ್ನ ಮಗ, ಅವನು ತೀರಿಕೊಂಡ ಮೇಲೆ ಸೊಸೆ. ನನ್ನ ಕಾಲದಲ್ಲಿ ಒಬ್ಬ ವಕೀಲರ ಅಂಗಿಗೆ ಎಂಥ ಗಂಜಿ ಹಾಕಿದ್ದೆ ಅಂತೀರಿ! ವಕೀಲರು ಮಧ್ಯಾಹ್ನ ಊಟಕ್ಕೆ ಮನೆಗೆ ಹೋದರೂ ಅಂಗಿ ಮಾತ್ರ ಕೋರ್ಟಿನಲ್ಲೇ ನಿಂತು ವಾದ ಮುಂದುವರಿಸಿ ಕೇಸು ಗೆದ್ದುಬಿಟ್ಟಿತು. ಫೀಸು ಮಾತ್ರ ವಕೀಲರೇ ಜೇಬಿಗೆ ಇಳಿಸಿದರು.

ಇಂಥದ್ದು ಹೇಳಿದರೆ ಗಿರಾಕಿಗಳು ನಗುತ್ತಾರೆ. ಸೊಸೆ ನಗುವುದಿಲ್ಲ. ಅವಳು ಮಾತು ಕಡಿಮೆಯ ಹೆಂಗಸು. ಬಟ್ಟೆಯ ಗಂಟು ಬಿಚ್ಚಿ ಅಂಗಿಯನ್ನು ಒಮ್ಮೆ ಮೂಗಿನ ಹತ್ತಿರ ತಂದಳೆಂದರೆ ಯಾವ ಮನೆಯದು ಎಂದು ಹೇಳಿಬಿಡುತ್ತಾಳೆ. ಮೊದಲು ಅವಳಿಗೆ ಓದು ಬರಹ ಬರುತ್ತಿರಲಿಲ್ಲ; ಬಟ್ಟೆಯ ಮೂಲೆಯಲ್ಲಿ ನಾವು ಹಾಕುವ ಗುರುತುಗಳೇ ಅವಳ ಅಕ್ಷರಮಾಲೆ. ಎರಡು ಚುಕ್ಕಿ ಇದ್ದರೆ ಡಾಕ್ಟರ ಮನೆ, ಕೊಕ್ಕೆ ಇದ್ದರೆ ಮೂಲೆಮನೆಯ ಟೀಚರು. ಎಷ್ಟು ವರ್ಷವಾದರೂ ಒಬ್ಬರ ಅಂಗಿ ಇನ್ನೊಬ್ಬರ ಮನೆಗೆ ಹೋಗಿಲ್ಲ. ಇದು ಬುರುಡೆಯಲ್ಲ.

ಅವಳ ಎಡಗೈ ಹೆಬ್ಬೆರಳ ಮೇಲೆ ಒಂದು ಗಾಯದ ಕಲೆ ಇದೆ. ಚೌತಿ ಚಂದ್ರನಂಥ ಸಣ್ಣ ಗೆರೆ. ಮೊಮ್ಮಗಳು ಚಿಕ್ಕವಳಿದ್ದಾಗ, "ತಾತ, ಅಮ್ಮನ ಬೆರಳಿಗೆ ಏನಾಯ್ತು?" ಎಂದು ಕೇಳಿದರೆ ನಾನು ದಿನಕ್ಕೊಂದು ಕಥೆ ಕಟ್ಟುತ್ತಿದ್ದೆ. ಒಂದು ದಿನ ಚಂದ್ರ ಹಸಿದು ಬಂದು ಕಚ್ಚಿದ, ಇನ್ನೊಂದು ದಿನ ರಾಜನ ಕಿರೀಟಕ್ಕೆ ಇಸ್ತ್ರಿ ಮಾಡಲು ಹೋಗಿ ಅದರ ತುದಿ ತಗುಲಿತು. ಅವಳು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಸೊಸೆ ಮಾತ್ರ ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು.

ಆ ಮೊಮ್ಮಗಳು ಈಗ ಹತ್ತನೇ ತರಗತಿ. ಒಂದು ಸಂಜೆ ಶಾಲೆಯಿಂದ ಬಂದವಳು ಚೀಲವನ್ನೂ ಇಳಿಸದೆ ಮೇಜಿನ ಮುಂದೆ ನಿಂತಳು. ಮುಖ ಸೊರಗಿ ಹೋಗಿತ್ತು.

"ಅಮ್ಮ, ನನ್ನ ಹೆಸರು ತಪ್ಪಾಗಿದೆಯಂತೆ."

"ಯಾರು ಹೇಳಿದ್ದು?"

"ಕ್ಲಾಸ್ ಟೀಚರ್. ಪರೀಕ್ಷೆಗೆ ಕೂರೋರ ಪಟ್ಟಿ ಮಾಡ್ತಿದಾರೆ. ಜನನ ಪತ್ರದಲ್ಲಿ ಒಂದು ಥರ ಇದೆ, ಶಾಲೆ ರಿಜಿಸ್ಟರ್‌ನಲ್ಲಿ ಇನ್ನೊಂದು ಥರ ಇದೆ. ಒಂದಕ್ಷರ ವ್ಯತ್ಯಾಸ. ಶನಿವಾರ ಪಟ್ಟಿ ಬೋರ್ಡಿಗೆ ಹೋಗತ್ತಂತೆ. ಅಷ್ಟರೊಳಗೆ ಸರಿ ಮಾಡಿಸ್ಕೊಳ್ಳಿ ಅಂದ್ರು."

"ಒಂದಕ್ಷರ ತಾನೇ?" ಎಂದೆ ನಾನು. "ನನ್ನ ಹೆಸರನ್ನ ರೇಷನ್ ಕಾರ್ಡಲ್ಲಿ ಎಂಥಾ ಚೆನ್ನಾಗಿ ಬರೆದಿದ್ರು ಗೊತ್ತಾ, ಓದಿದ್ರೆ ಹೆಂಗಸರ ಹೆಸರು. ಮೂರು ವರ್ಷ ಸಕ್ಕರೆ ತಗೊಂಡೆ, ಒಬ್ರೂ ಕೇಳ್ಲಿಲ್ಲ."

"ತಾತ! ಪಟ್ಟಿ ಹೋದ್ಮೇಲೆ ಅಂಕಪಟ್ಟಿಲೂ ಅದೇ ಹೆಸರು ಬರತ್ತೆ. ಆಮೇಲೆ ಬೋರ್ಡಿಗೇ ಅರ್ಜಿ ಹಾಕ್ಬೇಕು, ಅಫಿಡವಿಟ್ ಮಾಡಿಸ್ಬೇಕು, ತಿಂಗಳಾನುಗಟ್ಟಲೆ ಆಗತ್ತಂತೆ. ನರ್ಸಿಂಗ್ ಸೇರೋಕೆ ಹೋದಾಗ ಜನನ ಪತ್ರ ಕೇಳ್ತಾರೆ, ಅಂಕಪಟ್ಟಿ ಕೇಳ್ತಾರೆ. ಎರಡೂ ಬೇರೆ ಬೇರೆ ಇದ್ರೆ? ಇದು ನೀನಲ್ಲ ಅಂದ್ರೆ?"

ಸೊಸೆ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ನಿಲ್ಲಿಸಿದಳು. "ತಪ್ಪಿರೋಕೆ ಸಾಧ್ಯ ಇಲ್ಲ," ಎಂದಳು. "ನಿಮ್ಮಪ್ಪ ಬರೆದಿದ್ದೇ ನಾನು ಕೊಟ್ಟಿದ್ದು."

ಒಳಗೆ ಹೋಗಿ ತಗಡಿನ ಪೆಟ್ಟಿಗೆಯಿಂದ ಒಂದು ಬಿಳಿ ನಾಡಾ ತುಂಡು, ಬೆರಳಗಲದ ಬಟ್ಟೆ ಪಟ್ಟಿ, ತಂದಳು. ಅದರ ವಿಷಯ ಹೇಳಬೇಕು. ಮೊಮ್ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಕ್ಕಳ ಬಟ್ಟೆಗಳೆಲ್ಲ ಒಂದೇ ಕಡೆ ಒಗೆಯಲು ಹೋಗುತ್ತಿದ್ದವು. ನನ್ನ ಮಗ ಇಸ್ತ್ರಿಯವನಲ್ಲವೇ, ಕಳೆದುಹೋದರೆ ಮಾನ ಹೋದೀತೆಂದು ಬಟ್ಟೆಗೆ ಗುರುತು ಹಾಕುವ ಶಾಯಿಯಿಂದ ನಾಡಾದ ಮೇಲೆ ಮಗಳ ಹೆಸರು ಬರೆದು ಕಂಬಳಿಯ ಮೂಲೆಗೆ ಹೊಲಿದಿದ್ದ. ಚುಕ್ಕಿ, ಕೊಕ್ಕೆ ಅಲ್ಲ, ಪೂರ್ತಿ ಹೆಸರು. ಅವಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಅವನಿರಲಿಲ್ಲ. ಸೊಸೆ ಆ ನಾಡಾ ಬಿಚ್ಚಿಕೊಂಡು ಹೋಗಿ ಶಾಲೆಯ ಕಚೇರಿಯ ಮೇಜಿನ ಮೇಲಿಟ್ಟಳು, ಆಗಿನ ಗುಮಾಸ್ತರು ಅದನ್ನೇ ನೋಡಿ ಬರೆದುಕೊಂಡರು. ಜನನ ಪತ್ರ ಆಗ ಸಿಕ್ಕಿರಲಿಲ್ಲ. ಆಮೇಲೆ ಸಿಕ್ಕಾಗ ಒಂದು ಪ್ರತಿ ಕೊಟ್ಟು ಬಂದಿದ್ದಳು. ಅವರು ಹುಟ್ಟಿದ ತಾರೀಖು ಸರಿಯಿದೆಯೇ ನೋಡಿ ಫೈಲಿಗೆ ಸೇರಿಸಿದರು. ಹೆಸರಿನ ಕಡೆ ಕಣ್ಣು ಹಾಯಿಸಿದವರಿಲ್ಲ.

"ನೋಡು," ಎಂದು ನಾಡಾವನ್ನು ಮಗಳ ಮುಂದೆ ಹಿಡಿದಳು. "ಇದು ನಿಮ್ಮಪ್ಪನ ಕೈಬರಹ. ಇದನ್ನ ತಪ್ಪು ಅಂತ ಅರ್ಜಿ ಕೊಡ್ಲಾ?"

"ಜನನ ಪತ್ರಕ್ಕೆ ಹೆಸರು ಕೊಟ್ಟಿದ್ದೂ ಅಪ್ಪಾನೇ ಅಲ್ವಾ ಅಮ್ಮ?"

ಸೊಸೆ ದೀಪದ ಕೆಳಗೆ ಸರಿದಳು. ನಾಡಾವನ್ನು ಬೆಳಕಿಗೆ ಹಿಡಿದಳು. ಆಮೇಲೆ ತಿರುಗಿಸಿ ಹಿಂಬದಿ ನೋಡಿದಳು. ಕಂಬಳಿ ಎಷ್ಟು ಸಲ ಒಗೆತಕ್ಕೆ ಬಿದ್ದಿತ್ತೋ ಏನೋ, ಶಾಯಿ ನೂಲಿನ ಗುಂಟ ಹರಡಿತ್ತು. ಮುಂದಿನ ಬದಿ ನೋಡಿದರೆ ಅಕ್ಷರದ ಭಾಗವೇ ಅನ್ನಿಸುವ ಗೆರೆ, ಹಿಂದೆ ನೋಡಿದರೆ ಬರೀ ಮಸುಕು. ಬಟ್ಟೆಯ ಮೇಲೆ ಯಾವುದು ಬರೆದದ್ದು, ಯಾವುದು ಹರಡಿದ್ದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

"ಶಾಯಿ ಹಾಕೋಕೆ ಮುಂಚೆ ಗಂಜಿ ಹಾಕಿರ್ಲಿಲ್ಲ, ಅದಕ್ಕೇ ಹರಡಿದೆ," ಎಂದಳು ಕೊನೆಗೆ. "ಅವಸರ ಮಾಡಿದಾರೆ. ಮಗು ಹುಟ್ಟಿದ ಖುಷಿ." ಅಷ್ಟು ಹೇಳಿ ಮೂಗು ಒರೆಸಿಕೊಂಡಳು. "ಅರ್ಜಿ ಬರಿ."

ಅರ್ಜಿ ಬರೆಯಲು ನಾನೂ ಕೈ ಜೋಡಿಸಿದೆ. "ಪ್ರಾಂಶುಪಾಲರ ಪಾದಕಮಲಗಳಿಗೆ ಅಡ್ಡಬಿದ್ದು ಬೇಡಿಕೊಳ್ಳುವುದೇನೆಂದರೆ" ಎಂದು ಶುರುಮಾಡು ಎಂದೆ.

"ತಾತ, ಅವರು ಶೂ ಹಾಕ್ಕೊಂಡಿರ್ತಾರೆ," ಎಂದಳು ಮೊಮ್ಮಗಳು. ಟೀಚರು ಹೇಳಿಕೊಟ್ಟ ಹಾಗೆಯೇ ನೆಟ್ಟಗೆ ಬರೆದಳು: ಇಂಥವರಿಂದ, ಇಂಥವರಿಗೆ, ತರಗತಿ ಶಿಕ್ಷಕರ ಮೂಲಕ. ವಿಷಯ: ಶಾಲಾ ದಾಖಲೆಗಳಲ್ಲಿ ನನ್ನ ಮಗಳ ಹೆಸರನ್ನು ಸರಿಪಡಿಸುವ ಬಗ್ಗೆ. ದಾಖಲಾತಿ ಸಂಖ್ಯೆ, ಈಗ ದಾಖಲೆಯಲ್ಲಿರುವ ಹೆಸರು, ಇರಬೇಕಾದ ಹೆಸರು, ಲಗತ್ತಿಸಿದ ಜನನ ಪತ್ರದ ಪ್ರತಿ. ಕೊನೆಗೆ, ಪರೀಕ್ಷಾ ಪಟ್ಟಿ ಕಳುಹಿಸುವ ಮೊದಲು ಸರಿಪಡಿಸಿಕೊಡಬೇಕಾಗಿ ವಿನಂತಿ. ನನಗೆ ಸಪ್ಪೆಯೆನಿಸಿತು, ಆದರೆ ನನ್ನ ಮಾತು ಕೇಳುವವರಾರು.

ಸೊಸೆ ಕೈ ತೊಳೆದುಕೊಂಡು ಬಂದು, ಅರ್ಜಿಯ ಕೆಳಗೆ ಸಹಿ ಹಾಕಿದಳು. ಅವಳು ಸಹಿ ಹಾಕುವುದನ್ನು ನೋಡಬೇಕು. ಸೂಜಿಗೆ ದಾರ ಪೋಣಿಸುವ ಹಾಗೆ ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ. ಆ ಸಹಿಯ ಹಿಂದೆ ಒಂದು ಕಥೆಯಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಕ್ಲಾಸ್ ಟೀಚರು ಮರುದಿನವೇ "ಶಿಫಾರಸು ಮಾಡಿದೆ" ಎಂದು ಬರೆದು ಸಹಿ ಮಾಡಿ, ತಾಯಿಯನ್ನು ಕರೆದುಕೊಂಡು ಶಾಲೆಯ ಕಚೇರಿಗೆ ಬಾ ಎಂದರು. ಅಂದು ಶುಕ್ರವಾರ. ಅಂಗಡಿ ಬಾಗಿಲು ಹಾಕಿ ಮೂವರೂ ಹೊರಟೆವು. ದಾರಿಯುದ್ದಕ್ಕೂ ಸೊಸೆ ಚೀಲ ತೆರೆದು ನೋಡುವುದು, ಮುಚ್ಚುವುದು. ಜನನ ಪತ್ರ ಇದೆಯಾ? ಇದೆ. ಗುರುತಿನ ಚೀಟಿ? ಇದೆ. ನಾಡಾ? ಅದನ್ನೂ ಇಟ್ಟುಕೊಂಡಿದ್ದಳು. ಗೇಟಿನ ಹತ್ತಿರ ಬಂದಾಗ ಮೊಮ್ಮಗಳು ನನ್ನ ತೋಳು ಹಿಡಿದಳು.

"ತಾತ, ಒಳಗೆ ಬಾಯಿ ಬಿಡಬೇಡ. ಪ್ಲೀಸ್. ಒಂದೇ ಒಂದು ಕಥೆ ಹೇಳಿದ್ರೂ ಅವರು ನಮ್ಮನ್ನ ನಂಬಲ್ಲ."

"ಬಾಯಿಗೆ ಬೀಗ," ಎಂದೆ. "ಕೀಲಿಕೈ ನಿನ್ನ ಹತ್ರಾನೇ ಇರ್ಲಿ."

ಕಚೇರಿ ಇಕ್ಕಟ್ಟಾಗಿತ್ತು. ಒಂದು ಕಪಾಟಿನ ಬಾಗಿಲು ಮುಚ್ಚಲಾರದಷ್ಟು ಫೈಲುಗಳು, ಕಿಟಕಿಯಲ್ಲಿ ನಿಂತುಹೋದ ಫ್ಯಾನು. ಗುಮಾಸ್ತರ ಮೇಜಿನ ಮೇಲೆ ಪರೀಕ್ಷೆಯ ಪಟ್ಟಿಯದೇ ರಾಶಿ. ಅವರ ಕಾಲರು ಮುದುರಿದ್ದನ್ನು ಕಂಡು ನನ್ನ ಕೈ ತುರಿಸಿತು. ಸುಮ್ಮನಿದ್ದೆ.

ಅವರು ಅರ್ಜಿ ಓದಿದರು. ಜನನ ಪತ್ರ ನೋಡಿದರು. ಎದ್ದು ಹೋಗಿ, ಧೂಳು ಕೊಡವಿ, ಹಳೆಯ ದಾಖಲಾತಿ ರಿಜಿಸ್ಟರ್ ತಂದು ಸಂಖ್ಯೆ ಹುಡುಕಿದರು. ಆಮೇಲೆ ಫೈಲು ತೆಗೆದರು. ಸೊಸೆ ಕೊಟ್ಟಿದ್ದ ಜನನ ಪತ್ರದ ಹಳೆಯ ಪ್ರತಿ ಹಾಗೇ ಇತ್ತು.

"ಇದು ಬರಹದ ತಪ್ಪು, ಹೆಸರು ಬದಲಾವಣೆ ಅಲ್ಲ. ಪ್ರತಿ ಮೊದಲಿಂದಲೂ ಫೈಲಲ್ಲೇ ಇದೆ. ಪ್ರಿನ್ಸಿಪಾಲ್ ಮೇಡಂ ಅವರೇ ಸರಿ ಮಾಡಿ ಕೊಡ್ಬೋದು, ಮೇಲಿನ ಆಫೀಸಿಗೆ ಹೋಗೋದು ಬೇಡ," ಎಂದರು.

ಮೊಮ್ಮಗಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಗುಮಾಸ್ತರ ಬೆರಳು ರಿಜಿಸ್ಟರ್‌ನ ಕೊನೆಯ ಕಾಲಮಿನಲ್ಲಿ ನಿಂತಿತು. ಅರ್ಜಿ ನೋಡಿದರು. ಮತ್ತೆ ರಿಜಿಸ್ಟರ್ ನೋಡಿದರು. ಹುಬ್ಬು ಗಂಟಿಕ್ಕಿತು.

"ಈ ಸಹಿ ಯಾರದಮ್ಮ?"

"ನಂದೇ ಸರ್."

"ಇಲ್ಲಿ ಹೆಬ್ಬೆಟ್ಟಿದೆಯಲ್ಲ?"

ಸೊಸೆ ಗುರುತಿನ ಚೀಟಿಗಾಗಿ ಚೀಲಕ್ಕೆ ಕೈ ಹಾಕಿದಳು. "ಆವಾಗ ಬರ್ತಿರ್ಲಿಲ್ಲ ಸರ್. ಆಮೇಲೆ ಕಲಿತೆ."

ಗುರುತಿನ ಚೀಟಿ ಕೊಟ್ಟಳು. ಅವರು ಫೋಟೋ ನೋಡಿ, ಅವಳ ಮುಖ ನೋಡಿ, ತಲೆ ಕೆರೆದುಕೊಂಡರು. "ನೀವೇ ಅಂತ ನಂಗೂ ಅನ್ಸುತ್ತೆ. ಆದ್ರೆ ಅನ್ಸಿದ್ದನ್ನ ಫೈಲಲ್ಲಿ ಹಾಕಕ್ಕಾಗಲ್ಲ ನೋಡಿ. ಹೋದ ವರ್ಷ ಒಬ್ಬ ಹುಡುಗನ ಚಿಕ್ಕಪ್ಪ ಬಂದು ಅಪ್ಪನ ಸಹಿ ಹಾಕಿ ಹೆಸರು ತಿದ್ದಿಸ್ಕೊಂಡು ಹೋದ. ಅಪ್ಪ ಬಂದು ಗಲಾಟೆ ಮಾಡಿದ, ಬೈಗುಳ ತಿಂದಿದ್ದು ನಾನು. ಅವತ್ತಿಂದ ಮೇಡಂ ಹೇಳಿದಾರೆ, ರಿಜಿಸ್ಟರ್‌ನಲ್ಲಿ ಪೋಷಕರ ಗುರುತು ಏನಿದೆಯೋ ಅರ್ಜೀಲೂ ಅದೇ ತಾಳೆ ಆಗ್ಬೇಕು ಅಂತ. ಒಂದ್ಸಲ ಹೆಬ್ಬೆಟ್ಟು ಒತ್ಬಿಡಿ, ಮುಗಿದೋಯ್ತು."

ಅವರು ಶಾಯಿ ಪ್ಯಾಡಿನ ಮುಚ್ಚಳ ತೆಗೆದು ಮುಂದೆ ತಳ್ಳಿದರು.

ಸೊಸೆ ಕೈ ಹಿಂದಕ್ಕೆ ಎಳೆದುಕೊಂಡಳು. "ಒತ್ತಲ್ಲ."

ಈಗ ಆ ಕಥೆ ಹೇಳಬೇಕು. ಶಾಲೆಗೆ ಸೇರಿಸಿದ ದಿನ ಆಗಿನ ಗುಮಾಸ್ತ, ಈ ಪುಣ್ಯಾತ್ಮ ಅಲ್ಲ, ಬೇರೆಯವನು, ಅವಳ ಮಣಿಕಟ್ಟು ಹಿಡಿದು, ಹೆಬ್ಬೆರಳನ್ನು ರಬ್ಬರ್ ಸೀಲಿನ ಹಾಗೆ ಪ್ಯಾಡಿಗೆ ಅದ್ದಿ ರಿಜಿಸ್ಟರ್‌ಗೆ ಒತ್ತಿದ್ದ. ಸಾಲಿನಲ್ಲಿ ನಿಂತವರು ನೋಡುತ್ತಿದ್ದರು. ಅದು ಹಾಗಿರಲಿ. ಮನೆಗೆ ಬಂದ ಮೇಲೆ ಈ ಮೊಮ್ಮಗಳು ಶಾಲೆಯ ಆಟ ಆಡುತ್ತ, ತಾನೇ ಗುಮಾಸ್ತನಾಗಿ ಕೂತು, "ಅಮ್ಮ, ಬಾ, ಹೆಬ್ಬೆಟ್ಟು ಒತ್ತು. ನಿಂಗೆ ಬರೆಯಕ್ಕೆ ಬರಲ್ವಲ್ಲ" ಎಂದು ಕೈ ಎಳೆದಳು. ಮಗುವಿಗೇನು ಗೊತ್ತು. ಸೊಸೆ ಒತ್ತಿದಳು, ನಕ್ಕಳು ಕೂಡ. ಆದರೆ ಮರುವಾರ ಸಂಜೆ ತರಗತಿಗೆ ಸೇರಿಕೊಂಡಳು. ದಿನವಿಡೀ ಮೇಜಿನ ಮುಂದೆ ನಿಂತ ಕಾಲು, ಅಲ್ಲಿ ಹೋಗಿ ಸಣ್ಣ ಬೆಂಚಿನ ಮೇಲೆ ಮಡಚಿಕೊಂಡು ಕೂರಬೇಕು. ಹೋದಳು. ಹೆಸರು ಬರೆಯಲು ಕಲಿತ ದಿನ ನನಗೆ ಹೇಳಿದ್ದಳು: "ಮಾವ, ಇನ್ನು ಯಾರ ಮುಂದೇನೂ ಹೆಬ್ಬೆಟ್ಟು ಕೊಡಲ್ಲ."

ಮೊಮ್ಮಗಳಿಗೆ ಆ ಆಟ ನೆನಪಿಲ್ಲ. ಯಾಕೆ ಒತ್ತುವುದಿಲ್ಲ ಎನ್ನುವುದೂ ಅವಳಿಗೆ ಗೊತ್ತಿಲ್ಲ. ಆದರೂ ಅಮ್ಮ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟದ್ದು ಅವಳಿಗೆ ಕಾಣಿಸಿತು.

"ಸಹೀನೇ ಇದೆಯಲ್ಲ ಸರ್," ಎಂದಳು ಸೊಸೆ. "ಬೇಕಾದ್ರೆ ನಿಮ್ಮೆದುರಿಗೆ ಇನ್ನೊಂದ್ಸಲ ಹಾಕ್ತೀನಿ. ಹತ್ತು ಸಲ ಹಾಕ್ತೀನಿ."

"ಹತ್ತು ಹಾಕಿದ್ರೂ ಅದು ಇದಕ್ಕೆ ತಾಳೆ ಆಗಲ್ವಲ್ಲಮ್ಮ. ನಂಗೇನು ನಿಮ್ಮ ಮೇಲೆ ಸಿಟ್ಟಾ? ಪಟ್ಟಿ ನಾಳೆ ಹೋಗತ್ತೆ. ಇವತ್ತು ಮೇಡಂ ಸಹಿ ಆಗ್ಲಿಲ್ಲ ಅಂದ್ರೆ ಹಳೇ ಹೆಸರೇ ಹೋಗತ್ತೆ."

ಹೊರಗೆ ಗಂಟೆ ಹೊಡೆಯಿತು. ಮಕ್ಕಳ ಗದ್ದಲ ಕಿಟಕಿಯಿಂದ ಒಳಗೆ ನುಗ್ಗಿತು. ನನ್ನ ನಾಲಿಗೆಯ ತುದಿಯಲ್ಲಿ ನೂರು ಮಾತು ಕುಣಿಯುತ್ತಿದ್ದವು. ಒಂದು ಕಥೆ ಹೇಳಿ ಗುಮಾಸ್ತರನ್ನು ನಗಿಸಿಬಿಟ್ಟರೆ ದಾರಿಗೆ ಬರಬಹುದು ಎನಿಸಿತು. ಮೊಮ್ಮಗಳ ಕಡೆ ನೋಡಿದೆ. ಬಾಯಿ ಮುಚ್ಚಿಕೊಂಡೆ. ನನ್ನ ಜೀವಮಾನದಲ್ಲಿ ಅಷ್ಟು ಭಾರದ ಕೆಲಸ ಮಾಡಿದ್ದಿಲ್ಲ.

ಆಗ ಮೊಮ್ಮಗಳು ಅಮ್ಮನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಬೇಡ ಬಿಡಮ್ಮ. ಹೆಸರು ಹೀಗೇ ಇರ್ಲಿ. ಆಮೇಲೆ ಬೋರ್ಡಿಗೆ ಅರ್ಜಿ ಹಾಕಿದ್ರಾಯ್ತು. ಹೋಗೋಣ."

ಸೊಸೆ ಅವಳ ಮುಖವನ್ನೇ ನೋಡಿದಳು. ನರ್ಸಿಂಗ್ ಸೇರುವಾಗ ಏನಾಗುತ್ತದೋ ಎಂದು ಹಿಂದಿನ ಸಂಜೆಯಿಂದ ಸರಿಯಾಗಿ ಊಟ ಮಾಡದ ಮಗಳು, ತಾಯಿಗೋಸ್ಕರ ಅದನ್ನೇ ಬಿಟ್ಟುಕೊಡಲು ನಿಂತಿದ್ದಳು.

"ಹೀಗೇ ಯಾಕಿರ್ಬೇಕು?" ಎಂದಳು ಸೊಸೆ. "ನಿಮ್ಮಪ್ಪ ಇಟ್ಟಿದ್ದು ಜನನ ಪತ್ರದಲ್ಲಿರೋ ಹೆಸರು." ಗುಮಾಸ್ತರ ಕಡೆ ತಿರುಗಿದಳು. "ಒತ್ತೀನಿ ಸರ್. ಆದ್ರೆ ಕೈ ಹಿಡಿಯಬೇಡಿ. ನಾನೇ ಒತ್ತೀನಿ. ಮೇಡಂ ಎದುರಿಗೆ."

ಗುಮಾಸ್ತರು ಏನು ಅಂದುಕೊಂಡರೋ, ಪ್ಯಾಡು, ರಿಜಿಸ್ಟರ್, ಅರ್ಜಿ ಎತ್ತಿಕೊಂಡು ಎದ್ದರು.

ಪ್ರಿನ್ಸಿಪಾಲ್ ಮೇಡಂ ಕನ್ನಡಕ ಹಣೆಗೇರಿಸಿ ಎಲ್ಲವನ್ನೂ ಕೇಳಿದರು. ಸೊಸೆ ಮೇಜಿನ ಮುಂದೆ ನೆಟ್ಟಗೆ ನಿಂತು, ತನ್ನ ಸಹಿಯ ಪಕ್ಕದಲ್ಲಿ, ಇಸ್ತ್ರಿ ಪೆಟ್ಟಿಗೆ ಇಳಿಸುವಷ್ಟೇ ನಿಧಾನವಾಗಿ ಎಡಗೈ ಹೆಬ್ಬೆರಳನ್ನು ಇಳಿಸಿ ಎತ್ತಿದಳು. ಕಾಗದದ ಮೇಲೆ ನೀಲಿ ಗುರುತು ಮೂಡಿತು. ಅದರ ನಡುವೆ, ಶಾಯಿ ಹಿಡಿಯದ ಕಡೆ, ಸಣ್ಣ ಬಿಳಿ ಚಂದ್ರ.

ಗುಮಾಸ್ತರು ರಿಜಿಸ್ಟರ್ ಪಕ್ಕಕ್ಕಿಟ್ಟು ಬಗ್ಗಿ ನೋಡಿದರು. "ಮೇಡಂ, ಇಲ್ಲೂ ಇದೆ. ಹಳೇದರಲ್ಲೂ ಅದೇ ಬಿಳಿ ಗೆರೆ. ಅದೇ ಜಾಗ."

ಮೇಡಂ ಕನ್ನಡಕ ಇಳಿಸಿ ಎರಡನ್ನೂ ನೋಡಿದರು. "ಏನಮ್ಮ ಇದು ಗೆರೆ?"

ಸೊಸೆ ತಲೆ ತಗ್ಗಿಸಿ ಬೆರಳಿನ ಶಾಯಿ ಒರೆಸತೊಡಗಿದಳು. ಮೇಡಂ ನನ್ನ ಕಡೆ ನೋಡಿದರು. ಮೊಮ್ಮಗಳೂ ನೋಡಿದಳು, ಗಾಬರಿಯಿಂದ. ಚಂದ್ರ, ರಾಜ, ಕಿರೀಟ, ಎಲ್ಲವೂ ನನ್ನ ಗಂಟಲಿಗೆ ಬಂದು ನಿಂತಿದ್ದವು.

"ಇಸ್ತ್ರಿ ಸುಟ್ಟಿದ್ದು ಮೇಡಂ," ಎಂದೆ. "ನನ್ನ ಮಗ ಹೋದ ಮೇಲೆ ಮೊದಲನೇ ಸಲ ಪೆಟ್ಟಿಗೆ ಹಿಡಿದ ದಿನ. ಹಿಡ್ಕೊಳ್ಳೋದು ಗೊತ್ತಿರ್ಲಿಲ್ಲ."

ಮೊಮ್ಮಗಳು ನನ್ನನ್ನು ನೋಡಿದ ಹಾಗೆ ಹಿಂದೆಂದೂ ನೋಡಿರಲಿಲ್ಲ. ಆಮೇಲೆ ಅಮ್ಮನ ಬೆರಳನ್ನು ನೋಡಿದಳು.

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಅರ್ಜಿಯ ಮೇಲೆ "ನನ್ನ ಸಮಕ್ಷಮ" ಎಂದು ಬರೆದು ಸಹಿ ಮಾಡಿ, ಸರಿಪಡಿಸಲು ಆದೇಶ ಬರೆದರು. ರಿಜಿಸ್ಟರ್‌ನಲ್ಲಿ ಹಳೆಯ ಹೆಸರನ್ನು ಅಳಿಸಲಿಲ್ಲ. ಓದಲು ಬರುವಂತೆ ಅದರ ಮೇಲೆ ಒಂದೇ ಗೆರೆ ಎಳೆಸಿ, ಮೇಲ್ಗಡೆ ಕೆಂಪು ಶಾಯಿಯಲ್ಲಿ ಸರಿಯಾದ ಹೆಸರು ಬರೆಸಿ, ಪಕ್ಕದಲ್ಲಿ ಸಹಿ, ತಾರೀಖು, ಮೊಹರು ಹಾಕಿದರು. "ಪಟ್ಟೀಲೂ ಈಗಲೇ ತಿದ್ದಿ," ಎಂದು ಗುಮಾಸ್ತರಿಗೆ ಹೇಳಿದರು. "ತಿದ್ದಿದ ಮೇಲೆ ಹುಡುಗಿಗೆ ತೋರಿಸಿ ಸಹಿ ತಗೊಳ್ಳಿ."

ನಾವು ಹೊರಡಬೇಕು. ಸೊಸೆ ಕದಲಲಿಲ್ಲ.

"ಮೇಡಂ, ಒಂದು ಕೇಳ್ಬೋದಾ? ಆ ಹೆಬ್ಬೆಟ್ಟಿನ ಪಕ್ಕ ನನ್ನ ಸಹಿ ಹಾಕ್ಲಾ? ಮುಂದಿನ ಸಲ ಯಾರೂ ಕೇಳದ ಹಾಗೆ."

"ಅಯ್ಯೋ, ರಿಜಿಸ್ಟರ್‌ನಲ್ಲಿ ಹಾಗೆಲ್ಲ ಹಾಕೋ ಹಾಗಿಲ್ಲಮ್ಮ," ಎಂದರು ಗುಮಾಸ್ತರು.

"ರಿಜಿಸ್ಟರ್‌ನಲ್ಲಿ ಬೇಡ," ಎಂದರು ಮೇಡಂ. "ಮಗುವಿನ ಫೈಲಲ್ಲಿ ಪೋಷಕರ ಮಾದರಿ ಸಹಿ ಅಂತ ಒಂದು ಹಾಳೆ ಹಾಕಿ. ನಾನು ದೃಢೀಕರಿಸ್ತೀನಿ. ಇನ್ನು ಮುಂದೆ ಅವರದ್ದು ಸಹಿ."

ಸೊಸೆ ಪೆನ್ನು ತೆಗೆದುಕೊಂಡಳು. ಉಸಿರು ಬಿಗಿಹಿಡಿದು, ಒಂದೊಂದೇ ಅಕ್ಷರ. ಮೇಡಂ ಅವಸರ ಮಾಡಲಿಲ್ಲ. ಮೇಡಂ ಕೋಣೆಯ ಫ್ಯಾನಿನ ಗಾಳಿಗೆ ಹಾಳೆ ಹಾರಾಡಿದಾಗ ಗುಮಾಸ್ತರೇ ಅದರ ಮೂಲೆ ಒತ್ತಿ ಹಿಡಿದರು.

ಮರುದಿನ ಮಧ್ಯಾಹ್ನದ ತನಕ ಅಂಗಡಿಯಲ್ಲಿ ಯಾರಿಗೂ ಸಮಾಧಾನವಿರಲಿಲ್ಲ. ತಿದ್ದಿದ್ದು ಪಟ್ಟಿಗೆ ಇಳಿಯಿತೋ ಇಲ್ಲವೋ, ಗುಮಾಸ್ತರು ಮರೆತರೋ, ಹಳೆಯ ಹಾಳೆಯೇ ಹೋಯಿತೋ. ಸೊಸೆಯ ಬೆರಳಿನ ಶಾಯಿ ಸೋಪಿಗೂ ಬಗ್ಗಲಿಲ್ಲ, ನಿಂಬೆಹಣ್ಣಿಗೂ ಬಗ್ಗಲಿಲ್ಲ. ಬಿಳಿ ಅಂಗಿಗಳಿಗೆ ತಗುಲೀತೆಂದು ಅವಳು ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಡಾಕ್ಟರ ಮನೆಯ ಅಂಗಿಗಳನ್ನು ನಾನು ಮಡಚಿದೆ. ನನ್ನ ಮಡಿಕೆ ನೋಡಿ ಅವಳು, "ಮಾವ, ಇದು ಅಂಗೀನಾ, ಹೊದ್ದು ಮಲಗಿರೋ ಬೆಕ್ಕಾ?" ಎಂದಳು. ಎರಡು ದಿನದ ಮೇಲೆ ಅವಳ ಬಾಯಿಂದ ಬಂದ ಮೊದಲ ತಮಾಷೆ. ಆದರೂ ಕಣ್ಣು ರಸ್ತೆಯ ಮೇಲೇ ಇತ್ತು.

ಮೊಮ್ಮಗಳು ಬಂದಳು. ಓಡಿ ಬರಲಿಲ್ಲ, ನಡೆದೇ ಬಂದಳು. ನಮ್ಮ ಎದೆ ಒಡೆದು ಹೋಗುವಷ್ಟು ನಿಧಾನ. ಮೇಜಿನ ಹತ್ತಿರ ನಿಂತು, "ನನ್ನ ಹೆಸರಿನ ಮುಂದೆ ಸಹಿ ಹಾಕಿ ಬಂದೆ," ಎಂದಳು. "ಒಂದೊಂದೇ ಅಕ್ಷರ ನೋಡಿದೆ ಅಮ್ಮ. ಅಪ್ಪ ಇಟ್ಟಿದ್ದೇ ಇದೆ."

ಸೊಸೆ ಮೇಜು ಖಾಲಿ ಮಾಡಿದಳು. ಚೀಲದಿಂದ ಆ ನಾಡಾ ತೆಗೆದು ಮೇಜಿನ ಮೇಲೆ ಹರಡಿ, ಸ್ವಲ್ಪ ನೀರು ಚಿಮುಕಿಸಿ ಇಸ್ತ್ರಿ ಮಾಡಿದಳು. ಮೊಮ್ಮಗಳು ಅಮ್ಮನ ಬೆರಳಿನ ಬಟ್ಟೆ ಬಿಚ್ಚಿ, ನೀಲಿಯ ನಡುವಿನ ಆ ಬಿಳಿ ಗೆರೆಯನ್ನು ತನ್ನ ಬೆರಳಿನಿಂದ ಸವರುತ್ತ ಕೇಳಿದಳು.

"ತುಂಬಾ ಉರಿದಿತ್ತಾ ಅಮ್ಮ?"

"ಆವತ್ತು ಅದನ್ನ ನೋಡ್ಕೊಳ್ಳೋಕೆ ಪುರುಸೊತ್ತಿರ್ಲಿಲ್ಲ ಕಣೇ," ಎಂದಳು ಸೊಸೆ. "ಗಿರಾಕಿಗಳು ಕಾಯ್ತಿದ್ರು."

ಚಂದ್ರನ ಕಥೆಯನ್ನು ನನ್ನ ಹತ್ತಿರ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ.